ನೂರೈವತ್ತು ಮಚ್ಚೆಗಳಲ್ಲಿ ಗುಂಪಿಗೆ ಸೇರದ ಒಂದನ್ನು ನಾನು ಹಿಡಿದದ್ದು

ಆಕಾರದ ಅಸಮತೆ, ಅಂಚು, ಬಣ್ಣ, ಅಗಲ, ಬದಲಾವಣೆ ನೋಡಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಅನುಮಾನಿಸುವ ಎಬಿಸಿಡಿಇ ಪಟ್ಟಿಯನ್ನು ಮೈತುಂಬ ಮಚ್ಚೆ ಇರುವವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಬಾಯಿಪಾಠವೇ ಆಗಿರುತ್ತದೆ. ನನ್ನ ತಕರಾರು ಇಷ್ಟೇ: ನೂರೈವತ್ತರ ಆಸುಪಾಸು ಮಚ್ಚೆ ಇರುವ ನನ್ನಂಥವನು ಆ ಪಟ್ಟಿ ಹಿಡಿದು ಕೂತರೆ ಮೂವತ್ತಾದರೂ 'ಅನುಮಾನ' ಎಂದು ಬರುತ್ತವೆ. ಅಂಚು ಕೆಟ್ಟವು, ಎರಡು ಬಣ್ಣದವು, ಆರು ಮಿಲಿಮೀಟರ್ ದಾಟಿದವು ಎಲ್ಲವೂ ನನ್ನ ಮೈಮೇಲಿವೆ. ಕಳೆದ ವರ್ಷ ಬೆನ್ನಿನಿಂದ ತೆಗೆಸಿದ ಮಚ್ಚೆ ಮಾತ್ರ ಆ ಪಟ್ಟಿಯ ಮೊದಲ ನಾಲ್ಕು ಅಕ್ಷರಗಳಲ್ಲೂ ಪಾಸಾಗಿತ್ತು. ಅದನ್ನು ಹಿಡಿದುಕೊಟ್ಟದ್ದು ಗುಂಪನ್ನು ಹೋಲದ ಮಚ್ಚೆಯನ್ನು ಹುಡುಕುವ ಅಗ್ಲಿ ಡಕ್ಲಿಂಗ್ ಲೆಕ್ಕ ಮತ್ತು ಫೋಟೊಗಳಲ್ಲಿ ಮಾಡಿಕೊಂಡ ನನ್ನ ಮೈಯ ನಕ್ಷೆ. 'ಇದೆಲ್ಲ ಆತಂಕದ ಕೆಲಸ, ಬಿಟ್ಟುಬಿಡಿ' ಎಂದು ಒಬ್ಬ ಡಾಕ್ಟರೇ ಹೇಳಿದ್ದರು. ಅಣ್ಣನಂತೂ 'ನಿನಗೆ ಬೇರೆ ಕೆಲಸ ಇಲ್ಲವೇನೋ' ಎಂದು ನಕ್ಕಿದ್ದ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ನಕ್ಷೆ ಮಾಡುವ ಮುಂಚೆ ಹೆದರಿಕೆಯಿಂದ ನಾಲ್ಕೈದು ಮಚ್ಚೆ ತೆಗೆಸಿದ್ದೆ. ಪ್ರತಿ ಸಲವೂ ಕತ್ತರಿಸುವುದಕ್ಕೆ ಒಂದು ಬಿಲ್ಲು, ಬಯಾಪ್ಸಿ ಲ್ಯಾಬಿಗೆ ಇನ್ನೊಂದು, ಮೇಲೆ ಹೊಲಿಗೆ ಬಿಚ್ಚಿಸಲು ಅರ್ಧ ದಿನ ರಜೆ. ಎಲ್ಲವೂ ನಿರಪಾಯ ಎಂದು ಬಂತು. ಒಟ್ಟು ಖರ್ಚು ಒಂದು ಒಳ್ಳೆ ಕ್ಯಾಮೆರಾದಷ್ಟು. ದೊಡ್ಡವನ್ನೆಲ್ಲ ಒಂದೇ ಸಲಕ್ಕೆ ತೆಗೆಸಿಬಿಡು ಎಂದವರೂ ಇದ್ದರು. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಮೆಲನೋಮಾಗಳಲ್ಲಿ ಹತ್ತಕ್ಕೆ ಏಳರಷ್ಟು ಹಳೆಯ ಮಚ್ಚೆಯಲ್ಲಿ ಹುಟ್ಟುವುದೇ ಇಲ್ಲ, ಬರೀ ಚರ್ಮದಲ್ಲಿ ಹೊಸದಾಗಿ ಹುಟ್ಟುತ್ತವೆ. ಇರುವ ಮಚ್ಚೆಯನ್ನೆಲ್ಲ ಕಿತ್ತರೂ ಬರುವುದು ಬಂದೇ ಬರುತ್ತದೆ.

ಒಬ್ಬ ಮನುಷ್ಯನ ಮಚ್ಚೆಗಳು ಒಂದನ್ನೊಂದು ಹೋಲುತ್ತವೆ, ಹೋಲದೇ ಇರುವುದನ್ನು ನೋಡಿ ಎಂದು ಫ್ರಾನ್ಸಿನ ಚರ್ಮರೋಗ ತಜ್ಞರು 1998ರಲ್ಲೇ ಬರೆದಿದ್ದರು. ಇದರಲ್ಲಿ ಬಹಳ ಜನ ತಪ್ಪುವುದು ಎಲ್ಲಿ ಎಂದರೆ, ಇಡೀ ಮೈಯನ್ನು ಒಂದೇ ಗುಂಪು ಎಂದುಕೊಳ್ಳುತ್ತಾರೆ. ನನ್ನ ಬೆನ್ನಿನಲ್ಲೇ ಎರಡು ಕುಟುಂಬಗಳಿವೆ. ಒಂದು, ಅಗಲವಾದ ತಿಳಿಗಂದು ಮಚ್ಚೆಗಳು, ನಡುವೆ ಸ್ವಲ್ಪ ಗಾಢ, ಅಂಚು ಮಸುಕು. ಇನ್ನೊಂದು, ಸಾಸಿವೆಗಿಂತ ಚಿಕ್ಕ, ಕಡುಗಂದು ಚುಕ್ಕಿಗಳು. ತೋಳಿನ ಮಚ್ಚೆಗಳ ಜಾತಿಯೇ ಬೇರೆ. ಆದ್ದರಿಂದ ಬೆನ್ನಿನದನ್ನು ಬೆನ್ನಿನದಕ್ಕೆ, ತೋಳಿನದನ್ನು ತೋಳಿನದಕ್ಕೆ ಮಾತ್ರ ಹೋಲಿಸಬೇಕು. ಒಂದು ಮಚ್ಚೆ ಎಷ್ಟೇ ವಿಕಾರವಾಗಿರಲಿ, ಅದೇ ಜಾಗದಲ್ಲಿ ಅಂಥವೇ ಎಂಟು ಹತ್ತು ಇದ್ದರೆ ಅದಕ್ಕೆ ಕುಟುಂಬವಿದೆ ಎಂದರ್ಥ. ಹೀಗೆ ನೋಡಲು ಶುರುಮಾಡಿದ ಮೇಲೆ ನನ್ನ ಮೂವತ್ತು ಅನುಮಾನಗಳು ಮೂರಕ್ಕಿಳಿದವು.

ಫೋಟೊ ತೆಗೆಯುವ ಕೆಲಸ ಸುಲಭ ಎಂದುಕೊಂಡವರಿಗೆ ನಮಸ್ಕಾರ. ಮೊದಲ ಎರಡು ಸೆಟ್ ಪೂರ್ತಿ ಬಿಸಾಡಬೇಕಾಯಿತು. ಮೊದಲನೆಯದರಲ್ಲಿ ಫೋನು ತಾನೇ ಚರ್ಮವನ್ನು ನಯ ಮಾಡಿ ಸಣ್ಣ ಚುಕ್ಕಿಗಳನ್ನೆಲ್ಲ ಒರೆಸಿಹಾಕಿತ್ತು. ಬ್ಯೂಟಿ ಸೆಟ್ಟಿಂಗನ್ನು ಹುಡುಕಿ ಆರಿಸಿದ ಮೇಲೂ ಮಂದ ಬೆಳಕಿನಲ್ಲಿ ಹಾಗೇ ಮಾಡುತ್ತಿತ್ತು, ಬೆಳಕು ಹೆಚ್ಚಿಸಿದ ಮೇಲೆ ನಿಂತಿತು. ಎರಡನೆಯ ಸೆಟ್ಟಿನಲ್ಲಿ ತೀರಾ ಹತ್ತಿರದಿಂದ ತೆಗೆದಿದ್ದರಿಂದ ಅಂಚಿನ ಮಚ್ಚೆಗಳೆಲ್ಲ ಎಳೆದ ಹಾಗೆ ಉದ್ದವಾಗಿದ್ದವು. ಈಗ ಒಂದೂವರೆ ಮೀಟರ್ ದೂರ ನಿಂತು ಎರಡು ಪಟ್ಟು ಜೂಮ್ ಇಡುತ್ತೇವೆ. ಫ್ಲಾಶ್ ಇಲ್ಲ. ಎರಡೂ ಬದಿಯಿಂದ ಓರೆಯಾಗಿ ಬೀಳುವ ಎರಡು ಬಿಳಿ ದೀಪ, ಹಿಂದೆ ಕಡುಬಣ್ಣದ ಬಟ್ಟೆ, ಕಾಲಿಡುವ ಜಾಗಕ್ಕೆ ನೆಲದ ಮೇಲೆ ಟೇಪು. ಚೌಕಟ್ಟಿನೊಳಗೆ ಮಿಲಿಮೀಟರ್ ಗೆರೆ ಇರುವ ಬಿಳಿ ಕಾಗದದ ಪಟ್ಟಿ ಯಾವಾಗಲೂ ಇರಬೇಕು. ಅಳತೆಗಿಂತ ಹೆಚ್ಚಾಗಿ ಅದು ಬೇಕಾಗುವುದು ಬಣ್ಣಕ್ಕೆ. ಎರಡು ಫೋಟೊದಲ್ಲಿ ಆ ಕಾಗದದ ಬಿಳುಪು ಒಂದೇ ಥರ ಇಲ್ಲದಿದ್ದರೆ ಮಚ್ಚೆ ಕಪ್ಪಾಗಿದೆಯೋ ಇಲ್ಲವೋ ಎಂಬ ಚರ್ಚೆಗೇ ಅರ್ಥವಿಲ್ಲ. ಕೈ ಎತ್ತಿದ ಭಂಗಿಯೂ ಪ್ರತಿ ಸಲ ಒಂದೇ ಇರಬೇಕು. ತೋಳು ಎತ್ತಿದರೆ ಭುಜದ ಮೇಲಿನ ದುಂಡು ಮಚ್ಚೆ ಮೊಟ್ಟೆಯಾಕಾರವಾಗುತ್ತದೆ, ಅದನ್ನು ನೋಡಿ ನಾವು ಒಂದು ವಾರ ನಿದ್ದೆಗೆಟ್ಟಿದ್ದೆವು.

ಇಡೀ ಮೈಗೆ ಇಪ್ಪತ್ತೈದರ ಹತ್ತಿರ ಫೋಟೊ ಬೇಕಾಗುತ್ತವೆ. ಬೆನ್ನನ್ನು ನಾಲ್ಕು ಭಾಗ ಮಾಡಿ ಭುಜದೆಲುಬಿನ ತುದಿ, ಸೊಂಟದ ಮಡಿಕೆ ಇವನ್ನು ಗಡಿ ಇಟ್ಟುಕೊಂಡಿದ್ದೇನೆ. ಮಚ್ಚೆಗಳಿಗೆ ನಂಬರು ಕೊಡುವ ಹುಚ್ಚು ನನಗೂ ಇತ್ತು, ಆದರೆ ಎಣಿಸಿದಾಗಲೆಲ್ಲ ಬೇರೆ ಲೆಕ್ಕ ಬರುತ್ತಿತ್ತು. ಸಪ್ತರ್ಷಿ ಮಂಡಲ ಗುರುತಿಸುವ ಹಾಗೆ ಮೂರು ನಾಲ್ಕು ಮಚ್ಚೆಗಳ ಆಕಾರ ನೆನಪಿಟ್ಟುಕೊಂಡರೆ ಸಾಕು, ನಡುವೆ ಹೊಸಬ ಬಂದರೆ ಆಕಾರ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಒಬ್ಬನೇ ಇರುವಾಗ ಬೆನ್ನಿನ ಫೋಟೊ ಅಲುಗಾಡದೆ ತೆಗೆಯಲು ನಾನು ಕಂಡುಕೊಂಡ ಉಪಾಯ ಇನ್ನೊಂದಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾಗಿ ಕೆಲಸ ಮಾಡಿದ್ದು ಆಮೇಲಿನ ಹೆಜ್ಜೆ. ಒಂದು ಭಾಗದ ಫೋಟೊದಿಂದ ಮೂರು ಮಿಲಿಮೀಟರಿಗಿಂತ ದೊಡ್ಡ ಮಚ್ಚೆಗಳನ್ನೆಲ್ಲ ಒಂದೇ ಅಳತೆಯ ಚೌಕಕ್ಕೆ ಕತ್ತರಿಸಿ, ಒಂದೇ ಪುಟದಲ್ಲಿ ಸಾಲಾಗಿ ಜೋಡಿಸಿದೆ. ಯಾವುದನ್ನೂ ಹಿಗ್ಗಿಸಬಾರದು, ಕುಗ್ಗಿಸಬಾರದು, ಬಣ್ಣ ಮುಟ್ಟಬಾರದು. ಮೈಮೇಲೆ ದೂರ ದೂರ ಇದ್ದಾಗ ಕಾಣದ ವ್ಯತ್ಯಾಸ ಪಕ್ಕಪಕ್ಕ ಕೂತಾಗ ಕಾಣುತ್ತದೆ. ಆ ಪುಟವನ್ನು ಮೈಯ ಪರಿಚಯವಿಲ್ಲದವರಿಗೆ ಐದು ಸೆಕೆಂಡು ತೋರಿಸಿ 'ಯಾವುದು ಬೇರೆ?' ಎಂದು ಕೇಳಬೇಕು. ಯೋಚಿಸಲು ಬಿಡಬಾರದು. ವೈದ್ಯರಲ್ಲದವರೂ ಇದನ್ನು ಚೆನ್ನಾಗಿಯೇ ಮಾಡುತ್ತಾರೆ.

ತಿಂಗಳ ತಪಾಸಣೆಗೆ ಮೊದಲ ಭಾನುವಾರ ಸ್ನಾನದ ನಂತರ ಕೂರುತ್ತೇನೆ. ಮೊದಮೊದಲು ಒಂದು ಗಂಟೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ. ಟ್ಯಾಬಿನಲ್ಲಿ ಹಳೆಯ ಮೂಲ ಫೋಟೊ ತೆರೆದಿಟ್ಟು ಮೈಯನ್ನು ಅದರೊಂದಿಗೆ ಹೋಲಿಸುವುದು, ಅಷ್ಟೇ. ಮುಂಭಾಗ ನಾನೇ ನೋಡಿಕೊಳ್ಳುತ್ತೇನೆ. ಬೆನ್ನು, ಕಿವಿಯ ಹಿಂಭಾಗ, ತೊಡೆಯ ಹಿಂಭಾಗ ಹೆಂಡತಿಯ ಪಾಲು. ತಲೆಬುರುಡೆಗೆ ಹೇರ್ ಡ್ರೈಯರ್ ಹಿಡಿದು ಸಾಲು ಸಾಲಾಗಿ ಕೂದಲು ಸರಿಸಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಹೋದ ತಿಂಗಳಿನ ಫೋಟೊಗೆ ಹೋಲಿಸಬೇಡಿ. ತಿಂಗಳಿಂದ ತಿಂಗಳಿಗೆ ಆಗುವ ಬದಲಾವಣೆ ಕಣ್ಣಿಗೆ ಸಿಗದಷ್ಟು ಸಣ್ಣದು, ಪ್ರತಿ ಸಲವೂ 'ಹಾಗೇ ಇದೆ' ಅನ್ನಿಸುತ್ತದೆ. ಹೋಲಿಕೆ ಯಾವಾಗಲೂ ಮೂಲ ಸೆಟ್ಟಿಗೇ. ವರ್ಷಕ್ಕೊಮ್ಮೆ ಹೊಸ ಸೆಟ್ ತೆಗೆದರೂ ಹಳೆಯದನ್ನು ಅಳಿಸಬಾರದು. ಬಿಸಿಲಿಗೆ ಹೋಗಿಬಂದ ಮೇಲೆ ಮಚ್ಚೆಗಳೆಲ್ಲ ಒಟ್ಟಿಗೆ ಕಪ್ಪಾದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಒಂದೇ ಒಂದು ಕಪ್ಪಾದರೆ ಕೆಡಿಸಿಕೊಳ್ಳುತ್ತೇನೆ.

ಈಗ ಆ ಮಚ್ಚೆಯ ಕಥೆ. ಬೆನ್ನಿನ ಎಡಭಾಗ, ಸೊಂಟದಿಂದ ಒಂದು ಗೇಣು ಮೇಲೆ. ಬೆನ್ನಿನ ಪುಟ ನೋಡಿದವಳು ಹೆಂಡತಿ. 'ರೀ, ಇದೊಂದು ಇವರ ಪೈಕಿ ಅಲ್ಲ' ಎಂದಳು. ಅಗಲ ನಾಲ್ಕು ಮಿಲಿಮೀಟರ್. ದುಂಡಗೆ, ಅಂಚು ಚೊಕ್ಕ, ಬಣ್ಣ ಒಂದೇ. ಆದರೆ ಆ ಬಣ್ಣ ಕಂದಲ್ಲ, ಬೂದಿ ಬೆರೆತ ಕಪ್ಪು. ಅಗಲವಾದ ತಿಳಿಗಂದು ಕುಟುಂಬಕ್ಕೆ ಸೇರಿಸೋಣ ಎಂದರೆ ತೀರಾ ಗಾಢ, ಚುಕ್ಕಿಗಳ ಕುಟುಂಬಕ್ಕೆ ಸೇರಿಸೋಣ ಎಂದರೆ ಅವುಗಳ ಎರಡರಷ್ಟು ದೊಡ್ಡದು. ಏಳೆಂಟು ತಿಂಗಳ ಹಿಂದಿನ ಮೂಲ ಫೋಟೊ ಹಿಗ್ಗಿಸಿ ನೋಡಿದರೆ ಅದೇ ಜಾಗದಲ್ಲಿ ಇದ್ದದ್ದು ಒಂದೂವರೆ ಮಿಲಿಮೀಟರಿನ ಮಸುಕು ಗುರುತು. ನನಗೆ ನಲವತ್ತು ದಾಟಿದೆ, ಈ ವಯಸ್ಸಿನಲ್ಲಿ ಹೊಸ ಮಚ್ಚೆ ಬೆಳೆಯುವುದು ಎಳೆಯರಷ್ಟು ಮಾಮೂಲಿ ಸಂಗತಿಯಲ್ಲ.

ಡಾಕ್ಟರ್ ಬರಿಗಣ್ಣಲ್ಲಿ ನೋಡಿ 'ಚಿಕ್ಕದು, ಚೆನ್ನಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ' ಎಂದರು. ನಾನು ಎರಡು ಹಾಳೆ ಮೇಜಿನ ಮೇಲಿಟ್ಟೆ: ಬೆನ್ನಿನ ಮಚ್ಚೆಗಳ ಪುಟ ಮತ್ತು ಆ ಜಾಗದ ಹಳೆ ಹೊಸ ಫೋಟೊ, ಎರಡರಲ್ಲೂ ಗೆರೆಪಟ್ಟಿ ಸಮೇತ. ಅವರು ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ತೆಗೆದರು, ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ಮೇಲ್ಮೇಲೆ ಕೆರೆಯದೆ ಸುತ್ತ ಎರಡು ಮಿಲಿಮೀಟರ್ ಚರ್ಮ ಸೇರಿಸಿ ಇಡೀ ಮಚ್ಚೆಯನ್ನು ತೆಗೆದರು. ಹಾಗೆ ತೆಗೆದರೆ ಮಾತ್ರ ಎಷ್ಟು ಆಳಕ್ಕಿಳಿದಿದೆ ಎಂಬುದು ಲ್ಯಾಬಿಗೆ ಸರಿಯಾಗಿ ಗೊತ್ತಾಗುತ್ತದೆ. ವರದಿ: ಮೆಲನೋಮಾ ಇನ್ ಸಿಟು, ಅಂದರೆ ಚರ್ಮದ ಮೇಲ್ಪದರ ದಾಟಿರಲಿಲ್ಲ. ಇನ್ನೊಮ್ಮೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂಚು ಬಿಟ್ಟು ತೆಗೆದರು, ಅಲ್ಲಿಗೆ ಮುಗಿಯಿತು. ಅಣ್ಣ ಈಗ ತನ್ನ ಬೆನ್ನಿನ ಫೋಟೊ ತೆಗೆಸಿಕೊಳ್ಳಲು ಭಾನುವಾರ ಬರುತ್ತಾನೆ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಫೋನಿಗೆ ಸಿಕ್ಕಿಸುವ ಅಗ್ಗದ ಡರ್ಮೋಸ್ಕೋಪ್ ತರಿಸಿದೆ, ಚಿತ್ರ ಸೊಗಸಾಗಿ ಬರುತ್ತದೆ, ಆದರೆ ಓದಲು ಬರದವನಿಗೆ ಎಲ್ಲ ಮಚ್ಚೆಯೂ ಭಯಾನಕವೇ. ಡ್ರಾಯರಿನಲ್ಲಿ ಬಿದ್ದಿದೆ. ಎರಡು ಫೋಟೊಗಳನ್ನು ಒಂದರ ಮೇಲೊಂದು ಕೂರಿಸಿ ಬೇಗ ಬೇಗ ಬದಲಿಸುವ ವಿದ್ಯೆ ಮಾತ್ರ ಫಲಿಸಿತು, ಬದಲಾದದ್ದು ಮಿಣುಕುತ್ತದೆ. ಭಂಗಿ ಒಂದೇ ಇರದಿದ್ದರೆ ಎಲ್ಲವೂ ಮಿಣುಕುತ್ತವೆ, ಅದು ಬೇರೆ ಮಾತು. ಫೋಟೊವನ್ನು ಕಪ್ಪು ಬಿಳುಪು ಮಾಡಿಯೂ ನೋಡಿದೆ. ಗಾಢವಾದದ್ದು ಎದ್ದು ಕಾಣುತ್ತದೆ, ಆದರೆ ಗುಲಾಬಿ ಬಣ್ಣದ್ದು ಪೂರ್ತಿ ಮುಳುಗಿಹೋಗುತ್ತದೆ. ಬಣ್ಣವೇ ಇಲ್ಲದ ಮೆಲನೋಮಾ ಉಂಟು, ಹಾಗಾಗಿ ಅದನ್ನು ಕೈಬಿಟ್ಟೆ.

ಈ ಲೆಕ್ಕ ನಡೆಯದ ಜಾಗಗಳೂ ಇವೆ. ಅಂಗಾಲಿನಲ್ಲಿ ಇರುವುದು ಒಂದೋ ಎರಡೋ ಮಚ್ಚೆ, ಹೋಲಿಸಲು ಕುಟುಂಬವೇ ಇಲ್ಲ. ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನ ಕೆಳಗೇ ಆದ್ದರಿಂದ ಅಲ್ಲಿ ಹೊಸದಾಗಿ ಬಂದದ್ದು ಅಥವಾ ಬೆಳೆಯುತ್ತಿರುವುದು ಏನಿದ್ದರೂ ಸೀದಾ ಡಾಕ್ಟರ ಹತ್ತಿರ ಒಯ್ಯುತ್ತೇನೆ. ಉಬ್ಬಿದ, ಮುಟ್ಟಿದರೆ ಗಟ್ಟಿಯಾದ, ವಾರ ವಾರಕ್ಕೂ ದೊಡ್ಡದಾಗುವ ಗಂಟಿಗೂ ಅಷ್ಟೇ, ಮುಂದಿನ ಭಾನುವಾರದವರೆಗೆ ಕಾಯುವುದಿಲ್ಲ. ಕಾಲ್ಬೆರಳಿನ ಉಗುರಡಿ ಕಪ್ಪು ಕಂಡಾಗ ಮಾತ್ರ ಅದರ ಹಿಂಬದಿಯ ಅಂಚಿಗೆ ಸರಿಯಾಗಿ ಉಗುರಿನ ಮೇಲೆ ಅರದಿಂದ ಸಣ್ಣ ಗೀರು ಹಾಕುತ್ತೇನೆ. ಏಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಗೀರಿನ ಜೊತೆಗೇ ಮುಂದಕ್ಕೆ ಸರಿಯುತ್ತದೆ, ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟು, ಹಿಂದೆ ಬಿಳಿ ಉಗುರು ಬರುತ್ತದೆ. ಗೀರು ಮುಂದೆ ಹೋಗಿ ಕಪ್ಪು ಅಲ್ಲೇ ಉಳಿದರೆ, ಅಥವಾ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದ್ದರೆ, ಅದು ಏಟಿನ ಕಲೆಯಲ್ಲ.