ಸ್ಪೇರ್ ಬಸ್ಸನ್ನು ಯಾವ ದಾರಿಗೆ ಬಿಡೋದು? ದಾಳ ಉರುಳಿಸಿ ನೋಡಿ

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಇಬ್ಬರು ಮಾಲೀಕರು ಇದ್ದಾರೆ ಅಂದುಕೊಳ್ಳಿ. ಒಬ್ಬರದು ಹಸಿರು ಬಸ್, ಇನ್ನೊಬ್ಬರದು ನೀಲಿ. ಇಬ್ಬರ ಹತ್ತಿರವೂ ಒಂದೊಂದು ಸ್ಪೇರ್ ಬಸ್ ಇದೆ. ಸಂಜೆಯ ರಶ್ಶಿಗೆ ಅದನ್ನು ತೀರ್ಥಹಳ್ಳಿ ದಾರಿಗೆ ಬಿಡಬಹುದು, ಇಲ್ಲವೇ ಸಾಗರದ ದಾರಿಗೆ. ಎರಡಕ್ಕೂ ಪರ್ಮಿಟ್ ಇದೆ. ಆದರೆ ಎದುರಿನವರು ಇವತ್ತು ಯಾವ ಕಡೆ ಬಿಡುತ್ತಾರೆ ಅನ್ನೋದು ಮೊದಲೇ ಗೊತ್ತಾಗುವುದಿಲ್ಲ.

ಯಾರು ಎಲ್ಲಿ ಬಿಟ್ಟರೂ ಎರಡೂ ದಾರಿಯ ಒಟ್ಟು ಪ್ರಯಾಣಿಕರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಹಸಿರಿನವರಿಗೆ ಸಿಕ್ಕ ಪ್ರತಿ ಪ್ರಯಾಣಿಕ ನೀಲಿಯವರ ಕೈತಪ್ಪಿದವನೇ. ಒಬ್ಬರ ಲಾಭ, ಇನ್ನೊಬ್ಬರ ನಷ್ಟ, ಎರಡನ್ನೂ ಕೂಡಿದರೆ ಸೊನ್ನೆ. ಇದಕ್ಕೇ ಶೂನ್ಯ ಮೊತ್ತದ ಆಟ ಅನ್ನುತ್ತಾರೆ.

ಮೊದಲು ಕೋಷ್ಟಕ

ಕೆಳಗಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾನೇ ಇಟ್ಟವು. ಪ್ರತಿ ಮನೆಯಲ್ಲಿರುವುದು, ಆ ಸಂಜೆ ಹಸಿರಿನವರು ನೀಲಿಯವರಿಂದ ಎಳೆದುಕೊಂಡ ಪ್ರಯಾಣಿಕರು.

| | ನೀಲಿ: ತೀರ್ಥಹಳ್ಳಿ | ನೀಲಿ: ಸಾಗರ |
|---|---|---|
| ಹಸಿರು: ತೀರ್ಥಹಳ್ಳಿ | -10 | 30 |
| ಹಸಿರು: ಸಾಗರ | 20 | 0 |

ತೀರ್ಥಹಳ್ಳಿ ದಾರಿಯಲ್ಲಿ ನೀಲಿ ಬಸ್ಸಿನ ಕಂಡಕ್ಟರ್‌ಗೆ ಪ್ರತಿ ಸ್ಟಾಪಿನ ಜನವೂ ಪರಿಚಯ. ಎರಡೂ ಬಸ್ ಅಲ್ಲೇ ಓಡಿದರೆ ಹಸಿರಿನವರೇ 10 ಜನರನ್ನು ಕಳೆದುಕೊಳ್ಳುತ್ತಾರೆ. ಅದಕ್ಕೇ ಅಲ್ಲಿ ಮೈನಸ್. ನೀಲಿ ಸಾಗರಕ್ಕೆ ಹೋದ ದಿನ ಮಾತ್ರ ಹಸಿರಿಗೆ ಹಬ್ಬ, 30 ಜನ. ಸಾಗರದ ದಾರಿಯಲ್ಲಿ ಇಬ್ಬರೂ ಇದ್ದರೆ ಸಮಸಮ.

ಲೆಕ್ಕಕ್ಕೆ ಕೂರುವ ಮೊದಲು ಒಂದು ಪರೀಕ್ಷೆ

ಪ್ರತಿ ಅಡ್ಡಸಾಲಿನ ಕನಿಷ್ಠ ಸಂಖ್ಯೆ ಹುಡುಕಿ: -10 ಮತ್ತು 0. ಇವುಗಳಲ್ಲಿ ದೊಡ್ಡದು 0. ಕೆಟ್ಟದರಲ್ಲಿ ಕೆಟ್ಟದು ಆದರೂ ಹಸಿರಿಗೆ ಇಷ್ಟು ಗ್ಯಾರಂಟಿ. ಈಗ ಪ್ರತಿ ಉದ್ದಸಾಲಿನ ಗರಿಷ್ಠ: 20 ಮತ್ತು 30. ಇವುಗಳಲ್ಲಿ ಚಿಕ್ಕದು 20. ನೀಲಿಯವರು ಇದಕ್ಕಿಂತ ಜಾಸ್ತಿ ಕಳೆದುಕೊಳ್ಳದ ಹಾಗೆ ನೋಡಿಕೊಳ್ಳಬಹುದು.

0 ಮತ್ತು 20 ಒಂದೇ ಅಲ್ಲ. ಅಂದರೆ ದಿನಾ ಒಂದೇ ದಾರಿ ಹಿಡಿದರೆ ಇಬ್ಬರಿಗೂ ನೆಮ್ಮದಿ ಇಲ್ಲ. ಆ ಎರಡು ಸಂಖ್ಯೆ ಒಂದೇ ಆಗಿದ್ದರೆ ಅಲ್ಲಿ ಸ್ಯಾಡಲ್ ಪಾಯಿಂಟ್ ಇದೆ ಎಂದರ್ಥ. ಆಗ ಮುಂದಿನ ಲೆಕ್ಕವೇ ಬೇಡ. ಪರೀಕ್ಷೆಯಲ್ಲಿ ಮಕ್ಕಳು ಹಾರಿಸಿಬಿಡುವುದು ಈ ಹೆಜ್ಜೆಯನ್ನೇ. ಅದರ ಫಲ ಏನು ಅಂತ ಆಮೇಲೆ ನೋಡೋಣ.

ಬೆರಕೆಯ ಲೆಕ್ಕ

ಹಸಿರಿನವರು ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ ಬಿಡಬೇಕು. ಇದೇ ಮಿಶ್ರ ತಂತ್ರ. ಎಷ್ಟು ಪಾಲು? ತೀರ್ಥಹಳ್ಳಿಯ ಪಾಲನ್ನು p ಅನ್ನೋಣ. ಸಾಗರಕ್ಕೆ ಉಳಿಯುವುದು 1 - p.

ನೀಲಿ ತೀರ್ಥಹಳ್ಳಿಗೆ ಹೋದರೆ ಹಸಿರಿಗೆ ಸರಾಸರಿ -10p + 20(1 - p), ಅಂದರೆ 20 - 30p. ನೀಲಿ ಸಾಗರಕ್ಕೆ ಹೋದರೆ 30p.

ಮೊದಲು ಅರ್ಧರ್ಧ ಇಟ್ಟು ನೋಡಿ. ನೀಲಿ ತೀರ್ಥಹಳ್ಳಿಯಲ್ಲಿದ್ದರೆ 5, ಸಾಗರದಲ್ಲಿದ್ದರೆ 15. ನೀಲಿಯವರೇನು ದಡ್ಡರಾ? ತೀರ್ಥಹಳ್ಳಿಯನ್ನೇ ಹಿಡಿಯುತ್ತಾರೆ. ಹಸಿರಿಗೆ 5 ಮಾತ್ರ. ಕಾಲು ಪಾಲು ಇಟ್ಟರೆ ಮೊದಲನೆಯದು 12.5, ಎರಡನೆಯದು 7.5. ಈಗ ಅವರು ಸಾಗರಕ್ಕೆ ತಿರುಗುತ್ತಾರೆ. ಹಸಿರಿಗೆ 7.5. ಒಂದು ಕಡೆ ಜಾಸ್ತಿ ಮಾಡಿದರೆ ಇನ್ನೊಂದು ಕಡೆ ಕಡಿಮೆ ಆಗುತ್ತದೆ, ಎದುರಿನವರು ಕಡಿಮೆ ಇರುವ ಕಡೆಯೇ ಬಂದು ಹೊಡೆಯುತ್ತಾರೆ. ಆದ್ದರಿಂದ ಎರಡೂ ಸಮ ಆಗುವ ಜಾಗವೇ ಬೇಕು:

```
20 - 30p = 30p
p = 1/3
```

ಎರಡೂ ಕಡೆ ಉತ್ತರ 10. ಇದೇ ಆಟದ ಮೌಲ್ಯ. ಮೂರು ದಿನಕ್ಕೊಮ್ಮೆ ತೀರ್ಥಹಳ್ಳಿ, ಉಳಿದ ಎರಡು ಪಾಲು ಸಾಗರ. ದಿನಕ್ಕೆ ಸರಾಸರಿ 10 ಪ್ರಯಾಣಿಕರು. ಹಾಗಂತ ಯಾವ ಒಂದು ಸಂಜೆಯೂ ಸರಿಯಾಗಿ 10 ಬರುವುದಿಲ್ಲ. ಕೋಷ್ಟಕದಲ್ಲಿ ಆ ಸಂಖ್ಯೆಯೇ ಇಲ್ಲವಲ್ಲ.

ನೀಲಿಯವರದೂ ಹೀಗೇ. ಅವರ ತೀರ್ಥಹಳ್ಳಿ ಪಾಲು q. ಹಸಿರು ತೀರ್ಥಹಳ್ಳಿಗೆ ಬಂದರೆ 30 - 40q ಹೋಗುತ್ತದೆ, ಸಾಗರಕ್ಕೆ ಬಂದರೆ 20q. ಸಮ ಮಾಡಿದರೆ q = 1/2. ಇಲ್ಲೂ ಮೌಲ್ಯ 10. ಎರಡೂ ಕಡೆಯಿಂದ ಒಂದೇ ಸಂಖ್ಯೆ ಬರಲೇಬೇಕು. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. ಬರದಿದ್ದರೆ ಲೆಕ್ಕದಲ್ಲಿ ಎಲ್ಲೋ ಎಡವಿದ್ದೀರಿ.

ಪರೀಕ್ಷೆ ಹಾರಿಸಿದರೆ?

ಕೊನೆಯ ಮನೆಯ 0 ತೆಗೆದು 25 ಹಾಕಿ. ಸಾಗರದ ದಾರಿಯಲ್ಲಿ ಹಸಿರು ಬಸ್ಸಿಗೆ ಒಳ್ಳೆಯ ಹೆಸರಿದೆ ಅಂದುಕೊಳ್ಳಿ. ಸುಮ್ನೆ ಸಮೀಕರಣ ಬಿಡಿಸಿದರೆ 20 - 30p = 25 + 5p ಆಗಿ, p = -1/7 ಬರುತ್ತದೆ. ವಾರದಲ್ಲಿ ಮೈನಸ್ ಒಂದು ದಿನ ತೀರ್ಥಹಳ್ಳಿಗೆ ಬಸ್ ಬಿಡಿ ಅಂತ! ಮೊದಲೇ ಪರೀಕ್ಷೆ ಮಾಡಿದ್ದರೆ ಕನಿಷ್ಠಗಳಲ್ಲಿ ದೊಡ್ಡದು 20, ಗರಿಷ್ಠಗಳಲ್ಲಿ ಚಿಕ್ಕದೂ 20 ಅಂತ ಕಾಣುತ್ತಿತ್ತು. ಹಸಿರು ದಿನಾ ಸಾಗರಕ್ಕೆ, ನೀಲಿ ದಿನಾ ತೀರ್ಥಹಳ್ಳಿಗೆ. ಅಲ್ಲಿಗೆ ಲೆಕ್ಕ ಮುಗೀತು. ಪಾಲು ಸೊನ್ನೆಗಿಂತ ಕಡಿಮೆ ಅಥವಾ ಒಂದಕ್ಕಿಂತ ಜಾಸ್ತಿ ಬಂತೆಂದರೆ ಹೀಗೇ ಆಗಿದೆ ಅಂತ ತಿಳಿಯಿರಿ.

ಡಿಪೋದಲ್ಲಿ ಜಾರಿಗೆ ತರುವುದು

ಮೂರರಲ್ಲಿ ಒಂದು ಅಂದ ಕೂಡಲೇ ಸೋಮವಾರ ತೀರ್ಥಹಳ್ಳಿ, ಮಂಗಳವಾರ ಬುಧವಾರ ಸಾಗರ ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಕೆಟ್ಟಿತು. ಎರಡು ವಾರದಲ್ಲಿ ನೀಲಿಯವರ ಏಜೆಂಟ್‌ಗೆ ಅದು ಬಾಯಿಪಾಠ. ಮನಸ್ಸಿಗೆ ಬಂದ ಹಾಗೆ ಬಿಡುವುದೂ ಅಪಾಯವೇ. ನಿನ್ನೆ, ಮೊನ್ನೆ ಸಾಗರ ಆಯ್ತು, ಇವತ್ತು ಬದಲಿಸೋಣ ಅಂತ ನಾವೆಲ್ಲ ಯೋಚಿಸುತ್ತೇವೆ, ಅಲ್ವಾ? ಅದೇ ಒಂದು ಪಟ್ಟಿ ಆಗಿಬಿಡುತ್ತದೆ.

ದಾಳ ಉರುಳಿಸಿ. 1 ಅಥವಾ 2 ಬಿದ್ದರೆ ತೀರ್ಥಹಳ್ಳಿ, ಉಳಿದದ್ದು ಬಿದ್ದರೆ ಸಾಗರ. ನೀಲಿಯವರಿಗೆ ನಾಣ್ಯ ಸಾಕು. ತಮಾಷೆ ಅಂದರೆ, 1/3 ಅನ್ನೋ ಪಾಲು ಎದುರಿನವರಿಗೆ ಗೊತ್ತಾದರೂ ಏನೂ ನಷ್ಟವಿಲ್ಲ. ಅವರು ಎಲ್ಲಿ ಹೋದರೂ 10 ಕೊಡಲೇಬೇಕು. ಇವತ್ತು ಬಿದ್ದ ದಾಳ ಮಾತ್ರ ಬಸ್ ಹೊರಡುವವರೆಗೆ ಗುಟ್ಟಾಗಿರಬೇಕು.

ಇದೆಲ್ಲ ನಡೆಯುವುದು ಮೊತ್ತ ಸೊನ್ನೆ ಇರುವವರೆಗೆ. ಎರಡೂ ಕಂಪನಿಯ ಟಿಕೆಟ್ ಕೂಡಿಸಿ ನೋಡಿ. ಹೆಚ್ಚುವರಿ ಬಸ್ ಬಂದ ಮೇಲೆ ಒಟ್ಟು ಟಿಕೆಟ್ಟೇ ಜಾಸ್ತಿ ಆಗಿದ್ದರೆ ಬೈಕ್ ಬಿಟ್ಟು ಹೊಸಬರು ಬಸ್ ಹತ್ತಿದ್ದಾರೆ. ದರ ಇಳಿಸುವ ಪೈಪೋಟಿಗೆ ಇಳಿದರೆ ಇಬ್ಬರ ಕಲೆಕ್ಷನ್ನೂ ಕುಸಿಯಬಹುದು. ಎರಡಕ್ಕೂ ಈ ಕೋಷ್ಟಕ ಆಗುವುದಿಲ್ಲ.

ಜಾತ್ರೆ ಬಂತು

ಈಗ ತೀರ್ಥಹಳ್ಳಿ ಕಡೆ ಜಾತ್ರೆ. ಮೊದಲಿನ ಕೋಷ್ಟಕದಲ್ಲೇ 30 ಇದ್ದಲ್ಲಿ 50. ಹಸಿರಿನವರು ಆ ಕಡೆ ಇನ್ನೂ ಜಾಸ್ತಿ ಬಸ್ ಬಿಡಬೇಕು ಅಂತ ತಾನೇ ನಿಮಗೂ ಅನ್ನಿಸುವುದು? ಮೊದಲ ಸಲ ಲೆಕ್ಕ ಮಾಡಿದಾಗ ನಾನೂ ಉತ್ತರ ತಪ್ಪಾಯ್ತು ಅಂದುಕೊಂಡಿದ್ದೆ. 20 - 30p = 50p, ಅಂದರೆ p = 1/4. ಪಾಲು ಇಳಿಯಿತು! ಕಾರಣ ನೀಲಿಯವರು. 50 ಹೋದೀತು ಅನ್ನೋ ಭಯಕ್ಕೆ ಅವರು ತೀರ್ಥಹಳ್ಳಿ ಕಾವಲನ್ನು ಅರ್ಧದಿಂದ 5/8ಕ್ಕೆ ಏರಿಸುತ್ತಾರೆ. ಆಗ ಸಾಗರ ಸಡಿಲವಾಗುತ್ತದೆ. ಹಸಿರಿನವರು ಅಲ್ಲಿ ನುಗ್ಗಿ ಸರಾಸರಿಯನ್ನು 10ರಿಂದ 12.5ಕ್ಕೆ ಏರಿಸಿಕೊಳ್ಳುತ್ತಾರೆ.

ಕಾಲು ಪಾಲಿಗೆ ದಾಳ ಹೊಂದುವುದಿಲ್ಲ. ಜಾತ್ರೆ ಮುಗಿಯುವವರೆಗೆ ಎರಡು ನಾಣ್ಯ ಚಿಮ್ಮಿಸಿ. ಎರಡೂ ಹೆಡ್ ಬಿದ್ದರೆ ಮಾತ್ರ ತೀರ್ಥಹಳ್ಳಿ.