ಉಪ್ಪಿನಕಾಯಿ ಬಾಟಲಿಯ ಬೆನ್ನಿಗೆ ಅಜ್ಜಿಯ ನಾಲ್ಕು ಸಾಲು

ಸಾಗರದ ಹತ್ತಿರ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಘಟಕ. ಬಾಟಲಿಯ ಹಿಂದೆ ಅಜ್ಜಿಯ ಕಥೆ ಹಾಕುತ್ತೇನೆ ಅಂದಾಗ ಮನೆಯವರು, "ಅದನ್ನ ಯಾರು ಓದ್ತಾರೆ?" ಅಂದಿದ್ದರು. ಈಗ ಮೇಳದಲ್ಲಿ ಜನ ಅದನ್ನು ಗಟ್ಟಿಯಾಗಿ ಓದಿ ಪಕ್ಕದವರಿಗೆ ತೋರಿಸುತ್ತಾರೆ. ಅಲ್ಲಿಗೆ ಬರಲು ಮೂರು ಸಲ ಲೇಬಲ್ ಬದಲಿಸಿದ್ದೇನೆ.

ಮೊದಲನೆಯದನ್ನು ಬರೆದದ್ದು ಭಾವನ ಮಗ. ಮಲೆನಾಡಿನ ಮಡಿಲು, ಅಜ್ಜಿಯ ಪ್ರೀತಿ, ನೂರು ವರ್ಷದ ಪರಂಪರೆ, ಎಲ್ಲ ಸೇರಿ ನೂರು ಪದ ದಾಟಿತ್ತು. 300 ಗ್ರಾಂ ಬಾಟಲಿಯ ಹಿಂಭಾಗದಲ್ಲಿ ಪದಾರ್ಥ, ಪೌಷ್ಟಿಕಾಂಶದ ಪಟ್ಟಿ, ಲೈಸೆನ್ಸ್ ನಂಬರ್, ವಿಳಾಸ ಎಲ್ಲ ಕೂತ ಮೇಲೆ ಕಥೆಗೆ ಉಳಿಯುವುದು ಹೆಚ್ಚೆಂದರೆ ಐದು ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ. ತುರುಕಿದೆವು. ಅಕ್ಷರ ಇರುವೆಯಾದವು. ಬಾಟಲಿ ದುಂಡಗಿರುವುದರಿಂದ ಸಾಲಿನ ಎರಡೂ ತುದಿ ಪಕ್ಕಕ್ಕೆ ಜಾರಿ, ಓದಲು ಬಾಟಲಿ ತಿರುಗಿಸಬೇಕಿತ್ತು. ಮೇಳದಲ್ಲಿ ಕೂತು ನೋಡಿದೆ: ಬಾಟಲಿ ತಿರುಗಿಸಿದವರು ಬೆಲೆ ನೋಡಿ ಕೆಳಗಿಟ್ಟರು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಕಥೆಯಲ್ಲಿ "ಉಪ್ಪು, ಮೆಣಸು, ಸಾಸಿವೆ, ಇಷ್ಟೇ" ಅಂತ ಇತ್ತು. ಎರಡು ಬೆರಳು ಕೆಳಗೆ ಪದಾರ್ಥಗಳಲ್ಲಿ ವಿನೆಗರ್, ಸೋಡಿಯಂ ಬೆಂಜೊಯೇಟ್. ಒಬ್ಬ ಹೆಂಗಸು ಎರಡನ್ನೂ ಓದಿ, "ನಿಮ್ಮಜ್ಜಿ ಇದನ್ನೂ ಹಾಕ್ತಿದ್ರಾ?" ಅಂತ ಕೇಳಿದರು. ಬಾಯಿ ಕಟ್ಟಿತು. ವಿನೆಗರ್ ಬಿಡಲು ಸಾಧ್ಯವಿರಲಿಲ್ಲ. ಅಜ್ಜಿಯಷ್ಟು ಉಪ್ಪು ಹಾಕಿದರೆ ಈಗಿನವರು ತಿನ್ನಲ್ಲ, ಉಪ್ಪು ಕಡಿಮೆಯಾದರೆ ಕೆಡದಿರಲು ವಿನೆಗರ್ ಬೇಕು. ಹಾಗಾಗಿ ಕಥೆಯಿಂದ ಪದಾರ್ಥಗಳನ್ನೇ ತೆಗೆದೆ. ಅಜ್ಜಿ ಮಾಡುತ್ತಿದ್ದು ನಾವು ಇವತ್ತಿಗೂ ಮಾಡುವ ಕೆಲಸ ಯಾವುದೋ ಅದಷ್ಟೇ ಇರಲಿ ಅಂದುಕೊಂಡೆ. ನೂರು ವರ್ಷವೂ ಹೋಯಿತು, ಲೆಕ್ಕ ಇಟ್ಟವರು ಯಾರು? "ಮನೆಯಲ್ಲೇ ಮಾಡಿದ್ದು" ಅನ್ನುವುದನ್ನು ಲೈಸೆನ್ಸ್ ಕೆಲಸ ನೋಡುವವರು ಹೊಡೆದು ಹಾಕಿಸಿದರು. ಘಟಕದಲ್ಲಿ ಮಾಡಿ ಹಾಗೆ ಬರೆಯುವಂತಿಲ್ಲ.

ಎರಡನೇ ಲೇಬಲ್ ಅಕ್ಷರದಲ್ಲೇ ಕೆಟ್ಟಿತು. ಪ್ರೆಸ್ಸಿನಲ್ಲಿ ಫೈಲ್ ತೆರೆದಾಗ ನಮ್ಮ ಫಾಂಟ್ ಇರಲಿಲ್ಲ. ಒತ್ತಕ್ಷರಗಳೆಲ್ಲ ಬೇರೆಯಾಗಿ "ಅಜ್ಜಿ" ಹೋಗಿ "ಅಜ್‌ಜಿ" ಆಗಿತ್ತು. ಪ್ರೂಫ್ ಫೋನಿನಲ್ಲೇ ನೋಡಿ ಹೂಂ ಅಂದವಳು ನಾನೇ. ಎರಡು ಸಾವಿರ ಸ್ಟಿಕರ್, ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ ಒಲೆಗೆ ಹೋಯಿತು. ಈಗ ಅಕ್ಷರಗಳನ್ನು ಕರ್ವ್ ಮಾಡಿಸಿಯೇ, ಅಂದರೆ ಫಾಂಟ್ ಬೇಡದ ಚಿತ್ರವಾಗಿಸಿಯೇ ಕಳಿಸುತ್ತೇನೆ. ನಿಜ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಬಾಟಲಿಗೆ ಸುತ್ತಿ, ಕನ್ನಡಕ ಹಾಕುವ ನಮ್ಮತ್ತೆ ಕೈಗೆ ಕೊಡುತ್ತೇನೆ. ಅವರು ಓದಿದರೆ ಪಾಸ್. ಎಂಟು ಪಾಯಿಂಟ್‌ಗಿಂತ ಕೆಳಗಿಳಿದರೆ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಮಧ್ಯೆ ಒಂದು ಬ್ಯಾಚಿಗೆ ನಮ್ಮ ಮನೆಮಾತಲ್ಲೇ ಬರೆದೆ. ಊರಲ್ಲಿ ನಕ್ಕು ಖುಷಿಪಟ್ಟರು, ಬೆಂಗಳೂರಿನಲ್ಲಿ ಅಚ್ಚಿನ ತಪ್ಪು ಅಂದುಕೊಂಡರು. ಬಿಟ್ಟೆ.

ಈಗಿರುವುದು ಇದು:

ನೆಲಕ್ಕೆ ಬಿದ್ದ ಮಿಡಿಯನ್ನು ಅಜ್ಜಿ ಭರಣಿಗೆ ಹಾಕುತ್ತಿರಲಿಲ್ಲ.
ಕೈಯಲ್ಲಿ ಕೊಯ್ದದ್ದು, ತೊಟ್ಟಿರುವುದು ಮಾತ್ರ.
ಉಪ್ಪಲ್ಲಿ ಚಿರುಟಿದ ಮೇಲೆಯೇ ಖಾರ.
ಒದ್ದೆ ಚಮಚ ಕಂಡರೆ ಸಿಟ್ಟು.

ಬಿದ್ದ ಮಿಡಿಗೆ ಪೆಟ್ಟಾಗಿರುತ್ತದೆ, ಅದೊಂದೇ ಇಡೀ ಭರಣಿ ಮೆತ್ತಗೆ ಮಾಡೀತು ಅಂತ ಉಪ್ಪಿನಕಾಯಿ ಹಾಕುವವರಿಗೆ ಗೊತ್ತು. ಕೊಳ್ಳುವವರಿಗೆ ಗೊತ್ತಿಲ್ಲ, ಅದಕ್ಕೇ ನಿಂತು ಓದುತ್ತಾರೆ. ಆದರೆ ನನ್ನ ಹೆಮ್ಮೆ ಕೊನೆಯ ಸಾಲು. ಮೊದಲು "ಒಣಗಿದ ಚಮಚ ಬಳಸಿ" ಅಂತ ಮೂಲೆಯಲ್ಲಿ ಹಾಕಿದ್ದೆವು. ಒಬ್ಬರೂ ನೋಡುತ್ತಿರಲಿಲ್ಲ. ಸೀಸನ್ನಿಗೆ ಹದಿನೈದು, ಇಪ್ಪತ್ತು ಬಾಟಲಿ ಬೂಷ್ಟು ಬಂತು ಅಂತ ವಾಪಸ್ಸು. ಅಜ್ಜಿಯ ಸಿಟ್ಟು ಹಾಕಿದ ಮೇಲೆ ನಾಲ್ಕೋ ಐದೋ. ಅದೇ ವರ್ಷ ಮುಚ್ಚಳವನ್ನೂ ಬದಲಿಸಿದ್ದೆ, ಪೂರ್ತಿ ಹೆಸರು ಅಜ್ಜಿಗೇ ಕೊಡುವ ಹಾಗಿಲ್ಲ. ಆದರೂ ಒಬ್ಬರು ಫೋನ್ ಮಾಡಿ, "ನಮ್ಮ ಮಗ ಒದ್ದೆ ಚಮಚ ಹಾಕಕ್ಕೆ ಹೋದ, ನಿಮ್ಮಜ್ಜಿ ಹೆಸರು ಹೇಳಿ ತಡೆದೆ" ಅಂದರು.

ಮೊದಲ ಸಾಲಿಗೆ ಯಾವ ಬಣ್ಣ, ಅದನ್ನು ಎಲ್ಲಿ ಕೂರಿಸಿದರೆ ಕಣ್ಣು ಬೆಲೆಗಿಂತ ಮುಂಚೆ ಅಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದನ್ನು ಕಂಡುಕೊಳ್ಳಲು ಎರಡು ಮೇಳ ಹಿಡಿಯಿತು.

"ಚಿಕ್ಕಮ್ಮ, ನೆಲ್ಲಿಕಾಯಿ ಬಾಟಲಿಗೂ ಒಂದು ಬರೆದುಕೊಡಿ" ಅಂತ ಭಾವನ ಮಗ ಹಿಂದೆ ಬಿದ್ದಿದ್ದಾನೆ. ಅಜ್ಜಿ ನೆಲ್ಲಿಕಾಯಿ ಉಪ್ಪಿನಕಾಯಿ ಹಾಕುತ್ತಲೇ ಇರಲಿಲ್ಲ. ಅದರ ಬೆನ್ನಿಗೆ ಸದ್ಯಕ್ಕೆ ಪದಾರ್ಥಗಳ ಪಟ್ಟಿ ಮಾತ್ರ.