ಗಿರಾಕಿ ಕಂಪನಿ ದಿವಾಳಿ ಎದ್ದರೆ ನಿಮ್ಮ ಬಾಕಿ ಕೇಳುವುದು ಹೇಗೆ?

ಬಿಡಿಭಾಗ ಪೂರೈಸುವ ಸಣ್ಣ ಘಟಕದವರು ಹೆಚ್ಚಾಗಿ ಎಡವುವುದು ಇಲ್ಲೇ. ಗಿರಾಕಿ ಕಂಪನಿಯ ದಿವಾಳಿ ಕೇಸ್ ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿಯಲ್ಲಿ ದಾಖಲಾಯಿತು ಅಂದಕೂಡಲೇ ಹಳೇ ಮಾಲೀಕರಿಗೆ ಫೋನ್ ಮಾಡಿ ಜಗಳ ಆಡುತ್ತಾರೆ. ಅರ್ಜಿ ಅಂಗೀಕಾರವಾದ ದಿನದಿಂದ ಮಾಲೀಕರ ಕೈಯಲ್ಲಿ ಏನೂ ಇರುವುದಿಲ್ಲ. ಕಂಪನಿ ನಡೆಸುವುದು ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ಆರ್‌ಪಿ. ವಸೂಲಿ ದಾವೆಗಳೂ ಅಲ್ಲಿಗೇ ನಿಲ್ಲುತ್ತವೆ.

ಮೊದಲು ಪತ್ರಿಕೆಯಲ್ಲಿ ಬರುವ ಸಾರ್ವಜನಿಕ ಪ್ರಕಟಣೆ ಹುಡುಕಿ. ibbi.gov.in ನಲ್ಲೂ ಸಿಗುತ್ತದೆ. ಕ್ಲೇಮಿನ ಕೊನೇ ದಿನಾಂಕ, ಆರ್‌ಪಿಯ ಇಮೇಲ್ ಅದರಲ್ಲೇ ಇರುತ್ತವೆ. ಪೂರೈಕೆದಾರರಿಗೆ ಫಾರ್ಮ್ ಬಿ. ಶುಲ್ಕ ಇಲ್ಲ. 'ಬಾಕಿ ವಸೂಲಿ ಮಾಡಿಸಿಕೊಡ್ತೀವಿ' ಎಂದು ಮುಂಗಡ ಕೇಳುವವರನ್ನು ದೂರ ಇಡಿ.

ಕಷ್ಟ ಇರುವುದು ಲೆಕ್ಕದಲ್ಲಿ. ಅರ್ಜಿ ಅಂಗೀಕಾರವಾದ ದಿನಾಂಕಕ್ಕೆ ಲೆಡ್ಜರ್‌ನಲ್ಲಿ ಒಂದು ಗೆರೆ ಎಳೆಯಿರಿ. ಅದಕ್ಕಿಂತ ಹಿಂದಿನ ಬಾಕಿ ಮಾತ್ರ ಫಾರ್ಮ್ ಬಿಗೆ ಹೋಗಬೇಕು. ಆಮೇಲೆ ಆರ್‌ಪಿ ಹೇಳಿ ತರಿಸಿಕೊಂಡ ಸರಕಿನ ಬಿಲ್ಲು ಪ್ರಕ್ರಿಯೆಯ ಖರ್ಚು, ಅದು ಎಲ್ಲರಿಗಿಂತ ಮೊದಲು ಸಂದಾಯವಾಗಬೇಕಾದ ಹಣ. ಎರಡನ್ನೂ ಬೆರೆಸಿ ಕ್ಲೇಮ್ ಮಾಡಿದರೆ ಗಟ್ಟಿ ದುಡ್ಡು ಹೋಗಿ ಬಡ ಸಾಲದ ಜೊತೆ ಸೇರಿಬಿಡುತ್ತದೆ. ಇನ್‌ವಾಯ್ಸ್, ಇ-ವೇ ಬಿಲ್, ಜಿಎಸ್‌ಟಿಆರ್-1 ಮೂರೂ ಒಂದಕ್ಕೊಂದು ತಾಳೆಯಾಗುತ್ತವಾ ನೋಡಿ. ತಾಳೆಯಾಗದ ಬಿಲ್ಲುಗಳನ್ನೇ ಆರ್‌ಪಿ ಮೊದಲು ತೆಗೆದು ಹಾಕುವುದು.

ಇನ್ನು ಸರದಿ. ಒಂದು ಕಾರ್ಖಾನೆ ಮುಚ್ಚಿ ಮಾರಿದಾಗ 40 ಕೋಟಿ ಬಂತು ಅಂದುಕೊಳ್ಳಿ. ಪ್ರಕ್ರಿಯೆಯ ಖರ್ಚು 2 ಕೋಟಿ ಮೊದಲು ಹೋಗುತ್ತದೆ. ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ 4 ಕೋಟಿ. ಅಡಮಾನದ ಆಸ್ತಿಯನ್ನು ತಾನೇ ಮಾರಿಕೊಳ್ಳದೆ ಬಿಟ್ಟುಕೊಟ್ಟ ಬ್ಯಾಂಕಿಗೆ ಬರಬೇಕಾದ್ದು 76 ಕೋಟಿ. ಇವರಿಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಉಳಿದ 38 ಕೋಟಿಯನ್ನು 80ಕ್ಕೆ ಹಂಚಿದರೆ ರೂಪಾಯಿಗೆ ನಲವತ್ತೇಳೂವರೆ ಪೈಸೆ: ಕಾರ್ಮಿಕರಿಗೆ 1.9 ಕೋಟಿ, ಬ್ಯಾಂಕಿಗೆ 36.1 ಕೋಟಿ. ಇತರ ನೌಕರರ ಸಂಬಳ, ಅಡಮಾನವಿಲ್ಲದ ಸಾಲ, ಸರ್ಕಾರದ ತೆರಿಗೆ ಆದ ಮೇಲೆ ನೀವು. ಅಂದರೆ ಸೊನ್ನೆ.

ಕಂಪನಿ ಮುಚ್ಚದೆ ಹೊಸಬರು ಕೊಳ್ಳುವುದಾದರೆ ಅದು ರೆಸಲ್ಯೂಷನ್. ಅವರು ಕೊಡುವ ಯೋಜನೆಗೆ ಸಾಲ ಕೊಟ್ಟವರ ಸಮಿತಿಯ ಶೇ 66 ಮತ ಬೇಕು. ಸಮಿತಿ ಅಂದರೆ ಬಹುಪಾಲು ಬ್ಯಾಂಕುಗಳೇ. ಕಾನೂನು ನಿಮಗೆ ಕೊಡುವ ಕನಿಷ್ಠ ಖಾತ್ರಿಯನ್ನು ಲೆಕ್ಕ ಹಾಕುವುದು ಮೇಲಿನ ಸರದಿಯಲ್ಲೇ. ಹೊಸಬರು 50 ಕೋಟಿ ಕೊಟ್ಟರೂ ಇಲ್ಲಿ ಆ ಖಾತ್ರಿ ಸೊನ್ನೆಯೇ. ಆದರೂ ಹೊಸ ಮಾಲೀಕರಿಗೆ ನಿಮ್ಮ ಸರಕು ಬೇಕಿದ್ದರೆ ಯೋಜನೆಯಲ್ಲಿ ಸ್ವಲ್ಪ ಇಡಬಹುದು.

ಅದು ಸಿಗಬೇಕಾದರೂ ಕ್ಲೇಮ್ ದಾಖಲಾಗಿರಬೇಕು. ಯೋಜನೆ ಮಂಜೂರಾದ ಮೇಲೆ ಅದರಲ್ಲಿಲ್ಲದ ಹಳೇ ಬಾಕಿ ಸತ್ತಂತೆ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಹೊಸ ಮಾಲೀಕರ ಬಾಗಿಲು ಬಡಿದು ಉಪಯೋಗವಿಲ್ಲ. ಕೊನೇ ದಿನಾಂಕ ತಪ್ಪಿಹೋಗಿದ್ದರೆ ಸುಮ್ನೆ ಕೂರಬೇಡಿ. ಅರ್ಜಿ ಅಂಗೀಕಾರದಿಂದ 90 ದಿನದೊಳಗೆ ಇದ್ದರೆ ಇವತ್ತೇ ಇಮೇಲ್ ಕಳಿಸಿ.